ಬಯಲಲ್ಲಿ ಉಳಿಯುವ ಮಾತು

ಧ್ವನಿವರ್ಧಕ ಹುಟ್ಟುವ ಮೊದಲು ಒಬ್ಬ ಮನುಷ್ಯನ ಕೊರಳು ಎಷ್ಟು ಜನರನ್ನು ಮುಟ್ಟಬಲ್ಲದು? ಈ ಪ್ರಶ್ನೆಗೆ ಕಾಲ್ನಡಿಗೆಯಿಂದಲೇ ಉತ್ತರ ಕಂಡುಕೊಂಡವರು ಬೆಂಜಮಿನ್ ಫ್ರಾಂಕ್ಲಿನ್. 1739ರಲ್ಲಿ ಜಾರ್ಜ್ ವೈಟ್‌ಫೀಲ್ಡ್ ಎಂಬ ಆಂಗ್ಲ ಧರ್ಮಬೋಧಕರು ಅಮೆರಿಕದ ಫಿಲಡೆಲ್ಫಿಯಾಕ್ಕೆ ಬಂದರು. ಊರಿನ ನ್ಯಾಯಾಲಯದ ಮೆಟ್ಟಿಲ ಮೇಲೆ ನಿಂತು ಅವರು ಉಪದೇಶ ಮಾಡುತ್ತಿದ್ದಾಗ, ಗುಂಪಿನ ಕೊನೆಯಲ್ಲಿದ್ದ ಫ್ರಾಂಕ್ಲಿನ್ ನದಿಯ ಕಡೆಗೆ ಹಿಂದೆ ಹಿಂದೆ ನಡೆಯುತ್ತಾ ಹೋದರು. ಮಾತು ಸ್ಪಷ್ಟವಾಗಿ ಕೇಳಿಸುವುದು ಎಲ್ಲಿ ನಿಲ್ಲುತ್ತದೋ ಅಲ್ಲಿ ತಾವೂ ನಿಂತರು. ಅಷ್ಟು ದೂರವನ್ನು ತ್ರಿಜ್ಯವಾಗಿಟ್ಟುಕೊಂಡು ಅರ್ಧವೃತ್ತವೊಂದನ್ನು ಕಲ್ಪಿಸಿ, ತಲೆಗೆ 2 ಚದರಡಿ ಜಾಗವೆಂದು ಲೆಕ್ಕ ಹಾಕಿದಾಗ 30 ಸಾವಿರಕ್ಕೂ ಹೆಚ್ಚು ಮಂದಿ ಕೇಳಬಹುದೆಂದು ಬಂತು.

ಈ ಲೆಕ್ಕಕ್ಕಿಂತಲೂ ಗಮನಿಸಬೇಕಾದುದು ಫ್ರಾಂಕ್ಲಿನ್ ನಿಂತ ಜಾಗ. ಮಾತು ಅಳಿಸಿಹೋದದ್ದು ದೂರದಿಂದ ಮಾತ್ರವಲ್ಲ, ಆ ಬೀದಿಯ ಗದ್ದಲದಿಂದ ಎಂದು ಅವರೇ ಬರೆದಿದ್ದಾರೆ. ಎಂದರೆ, ಬಯಲಿನ ಭಾಷಣಕ್ಕೆ ಅಡ್ಡಿಗಳು ಎರಡು. ಒಂದು, ದನಿ ಸಾಲದೆ ಹೋಗುವುದು. ಇನ್ನೊಂದು, ದನಿ ತಲುಪಿಯೂ ಮಾತು ತಿಳಿಯದೆ ಹೋಗುವುದು. ಮೊದಲನೆಯ ಅಡ್ಡಿಯನ್ನು ಯಂತ್ರ ನಿವಾರಿಸಿತು. ಎರಡನೆಯದನ್ನು ನಿವಾರಿಸುವ ಕೆಲಸದಲ್ಲಿ ಅರ್ಧ ಪಾಲು ಇಂದಿಗೂ ಭಾಷಣ ಬರೆಯುವವರ ಲೇಖನಿಗೇ ಉಳಿದಿದೆ.

ಗಾಜಿನ ಗೂಡಿನಲ್ಲಿ ಅಧ್ಯಕ್ಷರು

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಧಮ್ ತಮ್ಮ ಧ್ವನಿವರ್ಧಕವನ್ನು ಬಹಿರಂಗವಾಗಿ ಪ್ರದರ್ಶಿಸಿದ್ದು 1915ರಲ್ಲಿ. ಅದಕ್ಕೆ ಅವರು ಇಟ್ಟ ಹೆಸರು ‘ಮ್ಯಾಗ್ನವಾಕ್ಸ್’. ಲ್ಯಾಟಿನ್ ಭಾಷೆಯಲ್ಲಿ ‘ಮಹಾಧ್ವನಿ’ ಎಂದರ್ಥ. 1919ರ ಸೆಪ್ಟೆಂಬರ್ 19ರಂದು ಅಧ್ಯಕ್ಷ ವುಡ್ರೋ ವಿಲ್ಸನ್ ಸ್ಯಾನ್ ಡಿಯಾಗೋ ನಗರದ ಕ್ರೀಡಾಂಗಣದಲ್ಲಿ ಇದೇ ಯಂತ್ರದ ನೆರವಿನಿಂದ ಸುಮಾರು 50 ಸಾವಿರ ಜನರನ್ನು ಉದ್ದೇಶಿಸಿ ಮಾತಾಡಿದರು. ಗಾಳಿ ಒಳನುಗ್ಗದಂತೆ ಅವರ ಸುತ್ತ ಗಾಜಿನ ಗೂಡು ಕಟ್ಟಲಾಗಿತ್ತು. ದನಿಯನ್ನು ಹಿಡಿಯುವ ಕಹಳೆಗಳು ತಲೆಯ ಮೇಲಿದ್ದವು. ವಿಲ್ಸನ್ ನಿಂತ ಜಾಗದಿಂದ ಅಲುಗಾಡುವಂತಿರಲಿಲ್ಲ.

ಹಳೆಯ ಕಾಲದ ವಾಗ್ಮಿ ವೇದಿಕೆಯ ಉದ್ದಗಲ ಓಡಾಡುತ್ತಿದ್ದ, ತೋಳು ಬೀಸುತ್ತಿದ್ದ. ಉದ್ದನೆಯ ವಾಕ್ಯದ ತುದಿ ಕೇಳಿಸದಿದ್ದರೆ ಅವನ ಮುಖ ನೋಡಿ ಅರ್ಥ ಮಾಡಿಕೊಳ್ಳುವ ಅವಕಾಶ ಜನರಿಗಿತ್ತು. ಮೈಕು ಬಂದ ಮೇಲೆ ಗುಂಪು ಹಿಗ್ಗಿತು, ಭಾಷಣಕಾರ ಚುಕ್ಕೆಯಷ್ಟು ಚಿಕ್ಕವನಾದ. ಹಿಂದಿನ ಸಾಲಿನವನಿಗೆ ಈಗ ಕಣ್ಣಿನ ಸಹಾಯವಿಲ್ಲ. ಕಿವಿಗೆ ಬಿದ್ದದ್ದಷ್ಟೇ ಗತಿ.

ಕಿವಿಗೆ ಬೀಳುವುದಾದರೂ ಏನು? ಬಯಲಿನಲ್ಲಿ ಒಂದಕ್ಕಿಂತ ಹೆಚ್ಚು ಧ್ವನಿವರ್ಧಕಗಳನ್ನು ಕಟ್ಟಿದ ಕೂಡಲೇ ಹೊಸದೊಂದು ತೊಂದರೆ ಶುರುವಾಗುತ್ತದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಒಬ್ಬ ಕೇಳುಗನಿಂದ ಒಂದು ಕಹಳೆ 50 ಮೀಟರ್ ದೂರದಲ್ಲಿ, ಇನ್ನೊಂದು 220 ಮೀಟರ್ ದೂರದಲ್ಲಿ ಇದೆಯೆನ್ನಿ. ಎರಡರ ಅಂತರ 170 ಮೀಟರ್. ಹೀಗಾಗಿ ಒಂದೇ ಮಾತು ಅರ್ಧ ಸೆಕೆಂಡಿನ ಅಂತರದಲ್ಲಿ ಎರಡು ಸಲ ಅವನನ್ನು ಮುಟ್ಟುತ್ತದೆ. ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಅಂತರವಿದ್ದರೆ ಕಿವಿ ಎರಡನ್ನೂ ಒಂದೇ ಎಂದು ಬೆಸೆದುಕೊಳ್ಳುತ್ತದೆ. ಅರ್ಧ ಸೆಕೆಂಡನ್ನು ಅದು ಬೆಸೆಯಲಾರದು. ಮಾಮೂಲಿ ವೇಗದಲ್ಲಿ ಮಾತಾಡುವವನು ಅಷ್ಟು ಹೊತ್ತಿನಲ್ಲಿ ಎರಡು ಮೂರು ಅಕ್ಷರಗಳನ್ನು ಆಡಿ ಮುಗಿಸಿರುತ್ತಾನೆ. ಆದ್ದರಿಂದ ಈಗ ಆಡುತ್ತಿರುವ ಅಕ್ಷರದ ಮೇಲೆ ಆಗಲೇ ಆಡಿದ ಅಕ್ಷರ ಬಂದು ಕೂರುತ್ತದೆ. ಎದುರಿನ ಕಟ್ಟಡದ ಗೋಡೆಯಿಂದ ಮರಳುವ ಪ್ರತಿಧ್ವನಿಯದೂ ಇದೇ ಕಥೆ. ದೂರದ ಕಹಳೆಗೆ ಸರಿಯಾಗಿ ಹತ್ತಿರದ ಕಹಳೆಯನ್ನು ತುಸು ತಡಮಾಡಿ ನುಡಿಸುವ ವಿದ್ಯುನ್ಮಾನ ಉಪಕರಣಗಳು ಬಳಕೆಗೆ ಬಂದದ್ದು 1970ರ ದಶಕದಲ್ಲಿ.

ಇನ್ನೊಂದು ಸಂಗತಿಯೂ ಇದೆ. ಮಾತಿನ ಬಲವೆಲ್ಲ ಸ್ವರಗಳಲ್ಲಿದೆ. ಅರ್ಥವನ್ನು ಬೇರ್ಪಡಿಸುವ ಕೆಲಸವನ್ನು ಹೆಚ್ಚಾಗಿ ಮಾಡುವುದು ವ್ಯಂಜನಗಳು. ಸ, ತ, ಪ, ಹ ಮೊದಲಾದವುಗಳ ಶಬ್ದ ಬಹಳ ಕ್ಷೀಣ. ಗಾಳಿ, ಗದ್ದಲ, ಕೆಟ್ಟ ಕಹಳೆ ಇವುಗಳಲ್ಲಿ ಮೊದಲು ಸಾಯುವುದು ಅವೇ. ದೂರದ ಮೈಕಿನ ಮಾತು ‘ಆ… ಏ… ಓ…’ ಎಂದು ರಾಗದಂತೆ ಕೇಳಿಸಿ, ಏನು ಹೇಳಿದರೆಂಬುದು ಮಾತ್ರ ತಿಳಿಯದಿರುವುದು ಇದರಿಂದ. ದನಿ ಹೆಚ್ಚಿಸಿದರೆ ಪ್ರತಿಧ್ವನಿಯೂ ಅಷ್ಟೇ ಹೆಚ್ಚುವುದರಿಂದ, ತಂತ್ರಜ್ಞನಿಗೆ ‘ಇನ್ನೂ ಜೋರು’ ಎಂದು ಸನ್ನೆ ಮಾಡಿ ಪ್ರಯೋಜನವಿಲ್ಲ.

ಹಾಗಾದರೆ ಕಿವಿಗೆ ನೆರವಾಗುವುದು ಯಾವುದು? 1951ರಲ್ಲಿ ಜಾರ್ಜ್ ಮಿಲ್ಲರ್ ಮತ್ತು ಸಂಗಡಿಗರು ಅಮೆರಿಕದಲ್ಲಿ ನಡೆಸಿದ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು. ಗದ್ದಲದ ನಡುವೆ ಅರ್ಥವಿಲ್ಲದ ಅಕ್ಷರಗಳು ಗುರುತು ಸಿಗದೆ ಹೋಗುತ್ತಿದ್ದಾಗಲೂ ಅಂಕಿಗಳು ಚೆನ್ನಾಗಿ ತಿಳಿಯುತ್ತಿದ್ದವು. ಬಿಡಿಯಾಗಿ ತಿಳಿಯದ ಪದ ವಾಕ್ಯದೊಳಗೆ ತಿಳಿಯುತ್ತಿತ್ತು. ಬರಬಹುದಾದ ಪದಗಳು ಕಡಿಮೆಯಾದಷ್ಟೂ ಕಿವಿ ಸರಿಯಾಗಿ ಊಹಿಸುತ್ತದೆ ಎಂಬುದು ಅದರ ಸಾರ. ಮುಂದೆ ಯಾವ ಬಗೆಯ ಮಾತು ಬರಲಿದೆ ಎಂಬುದನ್ನು ಕೇಳುಗನಿಗೆ ಮೊದಲೇ ಗೊತ್ತುಮಾಡಿಸುವುದೇ ಬಯಲಿಗೆ ಬರೆಯುವವರ ಮುಖ್ಯ ಉಪಾಯ.

ವಾಷಿಂಗ್ಟನ್ 1963

ಈ ಉಪಾಯದ ಬಲವನ್ನು ಕಾಣಲು 1963ರ ಆಗಸ್ಟ್ 28ರ ವಾಷಿಂಗ್ಟನ್ ಮೆರವಣಿಗೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಕರಿಯರ ನಾಗರಿಕ ಹಕ್ಕುಗಳಿಗಾಗಿ ಅಂದು ಲಿಂಕನ್ ಸ್ಮಾರಕದ ಮುಂದೆ ಸುಮಾರು ಎರಡೂವರೆ ಲಕ್ಷ ಜನ ಸೇರಿದ್ದರು. ಸ್ಮಾರಕದ ಎದುರಿನ ಕೊಳದ ಉದ್ದವೇ 600 ಮೀಟರಿಗೂ ಹೆಚ್ಚು. ಮೆಟ್ಟಿಲ ಮೇಲೆ ಆಡಿದ ಮಾತು ಗಾಳಿಯಲ್ಲಿ ಕೊಳದ ಆ ತುದಿಗೆ ಹೋಗಲು ಸುಮಾರು ಒಂದು ಮುಕ್ಕಾಲು ಸೆಕೆಂಡು ಬೇಕು.

ಮೆರವಣಿಗೆಯ ಸಂಘಟಕರಾಗಿದ್ದ ಬಯಾರ್ಡ್ ರಸ್ಟಿನ್ ಮೊದಲಿನಿಂದಲೂ ಒಂದು ವಿಷಯದಲ್ಲಿ ಹಟ ಹಿಡಿದಿದ್ದರು: ದೊರೆಯುವುದರಲ್ಲಿ ಉತ್ತಮವಾದ ಧ್ವನಿವರ್ಧಕ ವ್ಯವಸ್ಥೆಯೇ ಬೇಕು. ಜನರಿಗೆ ಕೇಳಿಸದಿದ್ದರೆ ಶಿಸ್ತು ಉಳಿಯುವುದಿಲ್ಲ ಎಂಬುದು ಅವರ ವಾದ. ಇದು ಬರಿಯ ಅನುಕೂಲದ ಮಾತಾಗಿರಲಿಲ್ಲ. ಗಲಭೆಯಾಗಬಹುದೆಂಬ ಭಯದಿಂದ ಸರಕಾರ ಸೈನ್ಯವನ್ನು ಸಜ್ಜಾಗಿರಿಸಿತ್ತು. ಒಂದು ಕಡೆ ನೂಕುನುಗ್ಗಲಾದರೂ ಚಳವಳಿಯ ವಿರೋಧಿಗಳಿಗೆ ಅದೇ ಸಾಕ್ಷ್ಯವಾಗುತ್ತಿತ್ತು. ವೆಚ್ಚ ಹೆಚ್ಚಾಯಿತೆಂಬ ಆಕ್ಷೇಪವಿದ್ದರೂ ಕಾರ್ಮಿಕ ಸಂಘಗಳ ನೆರವಿನಿಂದ ಹಣ ಒದಗಿತು. ಆದರೆ ಮೆರವಣಿಗೆಯ ಹಿಂದಿನ ದಿನ ಯಾರೋ ಆ ವ್ಯವಸ್ಥೆಯನ್ನು ಕೆಡಿಸಿದ್ದು ಬೆಳಕಿಗೆ ಬಂತು. ಸಂಘಟಕರು ಸರಕಾರದ ಮೊರೆಹೊಕ್ಕರು. ಸೇನೆಯ ಸಂಪರ್ಕ ದಳದವರು ರಾತ್ರಿಯಿಡೀ ದುಡಿದು ಅದನ್ನು ಸರಿಪಡಿಸಿದರು.

ಅಂದು ಮಾರ್ಟಿನ್ ಲೂಥರ್ ಕಿಂಗ್ ಮಾಡಿದ ಭಾಷಣ ಜಗತ್ಪ್ರಸಿದ್ಧ. ಅದನ್ನು ಸಾಹಿತ್ಯವಾಗಿ ಹೊಗಳಿದವರು ಬಹಳ ಮಂದಿ. ಬಯಲಿಗೆ ಒಪ್ಪುವ ಮಾತಾಗಿ ನೋಡಿದರೆ ಅದರ ಕಟ್ಟಡ ಇನ್ನಷ್ಟು ಸ್ಪಷ್ಟವಾಗುತ್ತದೆ. ಸುಮಾರು 1,600 ಪದಗಳನ್ನು ಅವರು 16–17 ನಿಮಿಷಗಳಲ್ಲಿ ಆಡಿದರು. ಎಂದರೆ ಚಪ್ಪಾಳೆಯ ಹೊತ್ತೂ ಸೇರಿ ನಿಮಿಷಕ್ಕೆ ಸುಮಾರು ನೂರು ಪದ. ಇಂಗ್ಲಿಷಿನಲ್ಲಿ ಮಾಮೂಲಿ ಮಾತುಕತೆ ಇದರ ಒಂದೂವರೆ ಪಟ್ಟು ವೇಗದಲ್ಲಿ ನಡೆಯುತ್ತದೆ. ಅವರ ವಾಕ್ಯಗಳೆಲ್ಲ ಚಿಕ್ಕವೇನೂ ಅಲ್ಲ. ಕೆಲವು ಸಾಕಷ್ಟು ಉದ್ದವಾಗಿವೆ. ಆದರೆ ಅವನ್ನು ಉಸಿರಿಗೊಂದು ತುಂಡಿನಂತೆ ಮುರಿದು, ತುಂಡು ತುಂಡಿನ ನಡುವೆ ನಿಂತು, ಹಿಂದಿನ ತುಂಡಿನ ಪ್ರತಿಧ್ವನಿ ಇಳಿದ ಮೇಲೆ ಮುಂದಿನದನ್ನು ಆಡಿದರು. ಬಯಲಿನಲ್ಲಿ ‘ಚಿಕ್ಕ ವಾಕ್ಯ’ವೆಂದರೆ ಪೂರ್ಣವಿರಾಮದಿಂದ ಪೂರ್ಣವಿರಾಮದವರೆಗಿನ ಅಳತೆಯಲ್ಲ; ಮೌನದಿಂದ ಮೌನದವರೆಗಿನ ಅಳತೆ.

ಇನ್ನು ‘ನನಗೊಂದು ಕನಸಿದೆ’ ಎಂಬ ಪಲ್ಲವಿ. ಬರೆದು ತಂದ ಪ್ರತಿಯಲ್ಲಿ ಅದಿರಲಿಲ್ಲ. ಕಿಂಗ್ ಅದನ್ನು ಮೊದಲೇ ಬೇರೆ ಸಭೆಗಳಲ್ಲಿ ಬಳಸಿದ್ದರು. ಅದೇ ವರ್ಷದ ಜೂನ್‌ನಲ್ಲಿ ಡೆಟ್ರಾಯಿಟ್‌ನಲ್ಲೂ ಆಡಿದ್ದರು. ವೇದಿಕೆಯಲ್ಲಿದ್ದ ಗಾಯಕಿ ಮಹಾಲಿಯಾ ಜಾಕ್ಸನ್ ಕನಸಿನ ಮಾತು ಹೇಳುವಂತೆ ಕೂಗಿದರೆಂದು ಜೊತೆಯಲ್ಲಿದ್ದವರು ಹೇಳಿದ್ದಾರೆ. ಇಂಗ್ಲಿಷಿನಲ್ಲಿ ಅದು ನಾಲ್ಕೇ ಅಕ್ಷರ. ಎಂಟು ಸಲ ಬಂದ ಈ ನಾಲ್ಕು ಅಕ್ಷರ ಎರಡು ಕೆಲಸ ಮಾಡಿತು. ಮೊದಲನೆಯದು, ಇದಾದ ಕೂಡಲೇ ಹೊಸ ಸಂಗತಿ ಬರುತ್ತದೆ, ಅದು ಒಂದು ಆಸೆಯ ಚಿತ್ರವಾಗಿರುತ್ತದೆ ಎಂದು ಕಿವಿಯನ್ನು ಸಿದ್ಧಗೊಳಿಸಿತು. ಎರಡನೆಯದು, ಪಲ್ಲವಿ ತಾನೇ ಗದ್ದಲಕ್ಕೆ ಬಲಿಯಾಗಿ ಹೊಸ ಮಾತನ್ನು ಕಾಪಾಡಿತು. ಚಪ್ಪಾಳೆ ಇನ್ನೂ ಇಳಿಯುತ್ತಿರುವಾಗಲೇ ಕಿಂಗ್ ಪಲ್ಲವಿ ಎತ್ತುವುದನ್ನು ಧ್ವನಿಮುದ್ರಣದಲ್ಲಿ ಕೇಳಬಹುದು. ಎಲ್ಲರಿಗೂ ಗೊತ್ತಿರುವ ಆ ಮಾತು ಚಪ್ಪಾಳೆಯಲ್ಲಿ ಮುಳುಗಿದರೆ ನಷ್ಟವಿಲ್ಲ. ಅದು ಮುಗಿಯುವಷ್ಟರಲ್ಲಿ ಸದ್ದಿಳಿದು, ಮುಖ್ಯ ಮಾತಿಗೆ ಜಾಗ ತೆರವಾಗಿರುತ್ತದೆ.

ಕಿಂಗ್ ಅವರ ಬಳಿಕ ರಸ್ಟಿನ್ ಮೈಕಿನ ಮುಂದೆ ಬಂದದ್ದು ಅಷ್ಟಾಗಿ ಯಾರಿಗೂ ನೆನಪಿಲ್ಲ. ಅವರು ಮೆರವಣಿಗೆಯ ಬೇಡಿಕೆಗಳನ್ನು ಒಂದೊಂದಾಗಿ ಓದಿದರು. ಬೇಡಿಕೆ ಎಷ್ಟನೆಯದೆಂಬ ಸಂಖ್ಯೆ ಮೊದಲು, ಆಮೇಲೆ ಬೇಡಿಕೆ, ಕೊನೆಗೆ ‘ಏನನ್ನುತ್ತೀರಿ?’ ಎಂಬ ಪ್ರಶ್ನೆ. ಜನ ಒಟ್ಟಾಗಿ ಮೊಳಗಿ ಒಪ್ಪಿಗೆ ಸೂಚಿಸಿದರು. ಕಾನೂನಿನ ಭಾಷೆಯ ಒಣ ಪಟ್ಟಿಯೊಂದು ಹೀಗೆ ಲಕ್ಷಾಂತರ ಜನರ ಕೈಗೆ ತಲುಪಿತು. ಸಂಖ್ಯೆ ಕೇಳಿದವನಿಗೆ ಮುಂದೆ ಬರುವುದು ಬೇಡಿಕೆಯೆಂದು ಗೊತ್ತು. ಪ್ರಶ್ನೆ ಕೇಳಿದವನಿಗೆ ಅದು ಮುಗಿಯಿತೆಂದು ಗೊತ್ತು. ಕೂಗೆದ್ದು ಇಳಿಯುವಷ್ಟರಲ್ಲಿ ಕಹಳೆಗಳ ಮರುದನಿಯೂ ಇಳಿದಿರುತ್ತದೆ. ಜೊತೆಗೆ, ಉತ್ತರ ಯಾವ ಕಡೆಯಿಂದ ಬರಲಿಲ್ಲವೋ ಆ ಕಡೆಗೆ ಮಾತು ಮುಟ್ಟಿಲ್ಲವೆಂದು ವೇದಿಕೆಯ ಮೇಲಿದ್ದವರಿಗೆ ತಿಳಿಯಲು ಇಂಥ ಪ್ರಶ್ನೆಗಿಂತ ಸುಲಭದ ದಾರಿಯಿಲ್ಲ.

ಕನ್ನಡದ ಬಾಲ

ಭಾರತದಲ್ಲಿ ಇಂಥ ಮಾತಿನ ದೊಡ್ಡ ಉದಾಹರಣೆ 1942ರ ಆಗಸ್ಟ್ 8ರಂದು ಮುಂಬಯಿಯ ಗೊವಾಲಿಯಾ ಟ್ಯಾಂಕ್ ಮೈದಾನದಲ್ಲಿ ಗಾಂಧೀಜಿ ಕೊಟ್ಟ ‘ಕರೇಂಗೆ ಯಾ ಮರೇಂಗೆ’. ಒಂದು ಚಿಕ್ಕ ಮಂತ್ರ ಕೊಡುತ್ತೇನೆಂದು ಮೊದಲು ಹೇಳಿ, ಬಳಿಕ ಅವರು ಮಂತ್ರವನ್ನು ಆಡಿದರು. ಕಿವಿ ಸಿದ್ಧವಾದ ಮೇಲೆ ಮೂರೇ ಪದ. ಕನ್ನಡನಾಡಿನಲ್ಲಿ ಅದು ‘ಮಾಡು ಇಲ್ಲವೇ ಮಡಿ’ ಎಂದಾಗಿ ಊರೂರಿಗೆ ಹಬ್ಬಿತು.

ಘೋಷಣೆ ತಪ್ಪಾಗಿ ಕೇಳಿಸಿದರೆ ಹೆಚ್ಚಿನ ಅಪಾಯವಿಲ್ಲ. ಸೂಚನೆ ತಪ್ಪಾಗಿ ಕೇಳಿಸಿದರೆ ಅಪಾಯವಿದೆ. ಇಲ್ಲಿ ಕನ್ನಡಕ್ಕೆ ತನ್ನದೇ ಆದ ತೊಡಕೊಂದಿದೆ. ಇಂಗ್ಲಿಷಿನಲ್ಲಿ ‘ಬೇಡ’ ಎಂಬ ನಿಷೇಧ ಆಜ್ಞೆಯ ಮೊದಲಲ್ಲೇ ಬರುತ್ತದೆ. ಕನ್ನಡದಲ್ಲಿ ಅದು ಬಾಲದಲ್ಲಿ ಬರುತ್ತದೆ. ವಾಕ್ಯದ ಕೊನೆಗೆ ದನಿ ಇಳಿಯುವುದೂ ಹಿಂದಿನ ಪದಗಳ ಪ್ರತಿಧ್ವನಿ ಮೇಲೆ ಬೀಳುವುದೂ ಆ ಬಾಲದ ಮೇಲೆಯೇ. ‘ಬರಬೇಕು’, ‘ಬರಬೇಡಿ’ ಇವೆರಡರಲ್ಲಿ ಮೊದಲ ಮೂರು ಅಕ್ಷರ ಒಂದೇ. ಅರ್ಥವನ್ನು ತಿರುವುಮುರುವು ಮಾಡುವುದು ಕೊನೆಯ ಒಂದೇ ಅಕ್ಷರ.

ಜಾತ್ರೆಯ ಮೈಕಿನಲ್ಲಿ ಹೇಳಬಹುದಾದ ಒಂದು ಸೂಚನೆಯನ್ನು ಪರಿಶೀಲಿಸೋಣ. ‘ಮಾನ್ಯ ಭಕ್ತಾದಿಗಳಲ್ಲಿ ವಿನಂತಿ, ರಥವು ಇನ್ನು ಕೆಲವೇ ಕ್ಷಣಗಳಲ್ಲಿ ಹೊರಡಲಿರುವುದರಿಂದ ಸುರಕ್ಷತೆಯ ದೃಷ್ಟಿಯಿಂದ ಯಾರೂ ಅಡ್ಡಹಗ್ಗವನ್ನು ದಾಟಿ ಮುಂದೆ ಬರಬಾರದಾಗಿ ಕೋರಲಾಗಿದೆ.’ ಹದಿನಾರು ಪದಗಳ ಒಂದೇ ವಾಕ್ಯ. ಕಾಗದದ ಮೇಲೆ ಇದು ಸಭ್ಯ, ನಿರ್ದುಷ್ಟ. ವಾದ್ಯ, ಜಯಕಾರಗಳ ನಡುವೆ ದೂರದವನಿಗೆ ದಕ್ಕುವುದು ಹೆಚ್ಚೆಂದರೆ ಇಷ್ಟು: ‘…ಭಕ್ತಾದಿ… ರಥ… ಹಗ್ಗ… ದಾಟಿ ಮುಂದೆ ಬರ…’ ರಥ ಹೊರಡುತ್ತಿದೆ, ಮುಂದೆ ಬರಲು ಹೇಳುತ್ತಿದ್ದಾರೆ ಎಂದು ಅವನು ತಿಳಿದರೆ ತಪ್ಪು ಅವನದಲ್ಲ.

ತಿದ್ದುವ ಮೊದಲ ಹೆಜ್ಜೆ ನಿಷೇಧವನ್ನು ತೆಗೆದು, ಮಾಡಬೇಕಾದುದನ್ನು ಹೇಳುವುದು. ‘ಮುಂದೆ ಬರಬೇಡಿ’ ಹೋಗಿ ‘ಹಿಂದೆ ಸರಿಯಿರಿ’ ಬಂತೆನ್ನೋಣ. ಆದರೆ ಇಲ್ಲೊಂದು ಗುಂಡಿಯಿದೆ. ‘ಹಿಂದೆ’, ‘ಮುಂದೆ’ ಎರಡಕ್ಕೂ ಬೇರೆಯಿರುವುದು ಮೊದಲ ಅಕ್ಷರವಷ್ಟೇ. ಅದರಲ್ಲೂ ‘ಹ’ಕಾರ ಗಾಳಿಯ ಪಾಲು. ‘ಒಳಗೆ’, ‘ಹೊರಗೆ’ ಇನ್ನೂ ಕೆಟ್ಟವು. ‘ಹ’ ಬಿದ್ದುಹೋದರೆ ಅವುಗಳನ್ನು ಬೇರ್ಪಡಿಸಲು ಉಳಿಯುವುದು ಳಕಾರ, ರಕಾರಗಳ ವ್ಯತ್ಯಾಸವೊಂದೇ. ಹೀಗೆ ಪ್ರಾಸಕ್ಕೆ ಒದಗುವ ವಿರುದ್ಧಪದಗಳನ್ನು ಮೈಕಿನ ಸೂಚನೆಯಲ್ಲಿ ನಂಬಬಾರದು. ಜನ ಕದಲಬೇಕಾಗಿದ್ದರೆ ದಿಕ್ಕಿನ ಬದಲು ಕಣ್ಣಿಗೆ ಕಾಣುವ ಗುರುತನ್ನು ಹೇಳುವುದು ಲೇಸು: ‘ಕೆರೆಯ ಕಡೆ ನಡೆಯಿರಿ’, ‘ಅಂಗಡಿ ಬೀದಿಗೆ ಹೋಗಿ’. ಜನ ಕದಲಬಾರದೆಂದಿದ್ದರೆ ಹೀಗೆ ಹೇಳಬಹುದು:

‘ತೇರು ಹೊರಡುತ್ತಿದೆ. ನಿಂತಲ್ಲೇ ನಿಲ್ಲಿ. ಎಲ್ಲರೂ ನಿಂತಲ್ಲೇ ನಿಲ್ಲಿ.’

ಹದಿನಾರು ಪದಗಳ ಜಾಗದಲ್ಲಿ ಈಗ ಏಳು. ಮೊದಲ ತುಂಡು ವಿಷಯ ಯಾವುದೆಂದು ತಿಳಿಸುತ್ತದೆ. ಅದು ಗೊತ್ತಾದವನಿಗೆ ಮುಂದಿನ ಮಾತು ನಿಲ್ಲುವುದರ ಬಗ್ಗೆಯೋ ಸರಿಯುವುದರ ಬಗ್ಗೆಯೋ ಇರಬೇಕೆಂದು ಅಂದಾಜಿರುತ್ತದೆ. ‘ರಥ’ಕ್ಕಿಂತ ‘ತೇರು’ ಮೇಲು. ಅದರ ದೀರ್ಘ ಸ್ವರ ದೂರ ಸಾಗುತ್ತದೆ. ‘ನಿಂತಲ್ಲೇ’, ‘ನಿಲ್ಲಿ’ ಇವೆರಡರದೂ ಒಂದೇ ಧಾತು. ಒಂದು ಅಳಿಸಿಹೋದರೂ ಇನ್ನೊಂದು ಅದೇ ಅರ್ಥವನ್ನು ಹೊತ್ತು ತರುತ್ತದೆ. ಯಾವ ಅಕ್ಷರ ಕಳೆದುಹೋದರೂ ಇದು ‘ಮುಂದೆ ಬನ್ನಿ’ ಎಂದು ಕೇಳಿಸಲಾರದು. ಎರಡನೆಯ ಸಲ ಹೇಳುವಾಗ ಮಾತನ್ನು ಬದಲಿಸದಿರುವುದೂ ಮುಖ್ಯ. ಅದನ್ನೇ ಬೇರೆ ಪದಗಳಲ್ಲಿ ಹೇಳಿದರೆ, ಮೊದಲಿನದನ್ನು ಅರ್ಧ ಕೇಳಿದವನು ಇದು ಇನ್ನೊಂದು ಸೂಚನೆಯೆಂದು ಭಾವಿಸುತ್ತಾನೆ.

ಸಂಖ್ಯೆಗಳಿಗೂ ಇದೇ ಎಚ್ಚರ ಬೇಕು. ಇಪ್ಪತ್ತು, ಮೂವತ್ತು, ಎಪ್ಪತ್ತು, ಎಂಬತ್ತು ಇವೆಲ್ಲ ‘ತ್ತು’ ಎಂದೇ ಮುಗಿಯುತ್ತವೆ. ಮೂರು, ಆರು, ನೂರು ಒಂದೇ ತಾಳದವು. ಬಸ್ಸಿನ ಸಂಖ್ಯೆ ಎಪ್ಪತ್ತು ಎಂದಾದರೆ ‘ಎಪ್ಪತ್ತು, ಏಳು ಸೊನ್ನೆ’ ಎಂದು ಬಿಡಿಸಿ ಹೇಳುವುದು ಸುರಕ್ಷಿತ.

ತುಂಡು ತುಂಡಿನ ನಡುವೆ ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಮೈದಾನವೇ ಹೇಳುತ್ತದೆ. ಜನ ಸೇರುವ ಮೊದಲು ಮೈಕಿನಲ್ಲಿ ‘ತೇರು’ ಎಂದು ಒಮ್ಮೆ ಗಟ್ಟಿಯಾಗಿ ಹೇಳಿ, ಕೊನೆಯ ಮರುದನಿ ಅಡಗುವವರೆಗೆ ಮನಸ್ಸಿನಲ್ಲಿ ಎಣಿಸಿದರೆ ಅದೇ ಅಳತೆ. ಒಂದು ಸೆಕೆಂಡಾದರೆ ಒಂದು, ಎರಡಾದರೆ ಎರಡು. ವೇದಿಕೆಯ ಮೇಲಿನವರಿಗೆ ಈ ಮೌನ ಅಸಹನೀಯವಾಗಿ ಉದ್ದವೆನಿಸುತ್ತದೆ. ದೂರದಲ್ಲಿರುವವನಿಗೆ ಅದು ಮೌನವೇ ಅಲ್ಲ. ಮಾತು ಆಗಷ್ಟೇ ಬಂದು ಮುಟ್ಟುತ್ತಿರುತ್ತದೆ.

ಇಷ್ಟಾದರೂ ಮಾತಿಗೊಂದು ಮಿತಿಯಿದೆ. ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತು, ಕಾಲೆತ್ತಲೂ ಜಾಗವಿಲ್ಲದ ಗುಂಪಿನಲ್ಲಿ ಸೂಚನೆ ಎಷ್ಟೇ ಸ್ಪಷ್ಟವಾಗಿ ಕೇಳಿಸಿದರೂ ಪಾಲಿಸಲಾಗದು. ಅಲ್ಲಿ ಒತ್ತಡ ಬರುತ್ತಿರುವುದು ಹಿಂದಿನಿಂದ. ಆಗ ಸೂಚನೆ ತಲುಪಬೇಕಾದದ್ದು ಮುಂದಿನವರಿಗಲ್ಲ, ಕೊನೆಯ ಸಾಲಿನವರಿಗೆ. ಅದೂ ದಟ್ಟಣೆ ಏರುವ ಮೊದಲೇ. ಮೈಕಿಗೆಂದು ಬರೆದ ಸೂಚನೆ ಗೆದ್ದಿತೋ ಸೋತಿತೋ ಎಂಬುದು ವೇದಿಕೆಯ ಬಳಿ ನಿಂತವರಿಗೆ ಗೊತ್ತಾಗುವುದಿಲ್ಲ. ಸಿದ್ಧಪಡಿಸಿದ ವಾಕ್ಯ ಗೊತ್ತಿಲ್ಲದ ಒಬ್ಬರನ್ನು ಮೈದಾನದ ಕೊನೆಗೆ ಕಳಿಸಿ, ಕೇಳಿಸಿದ್ದನ್ನು ಕೇಳಿಸಿದಂತೆಯೇ ಬರೆದು ತರಲು ಹೇಳಬೇಕು. ಆ ಚೀಟಿಯಲ್ಲಿ ಬಿಟ್ಟುಹೋಗಿರುವ ಪದ ಯಾವುದೋ, ಬದಲಿಸಬೇಕಾದ ಪದವೂ ಅದೇ.